ಆಳದ ಗುಂಡಿಗೆ ದಿಢೀರನೆ ನೀರು ನುಗ್ಗಿದರೆ ಯಾರು ಏನು ಮಾಡಬೇಕು?

ಪ್ರಶ್ನೆ (ಸೈಟ್ ಸೇಫ್ಟಿ): ಬೇಸ್‌ಮೆಂಟ್‌ಗಾಗಿ 12 ಮೀಟರ್ ಆಳ ಅಗೆದಿದ್ದೇವೆ. ಗುಂಡಿ 40 ಮೀಟರ್ ಉದ್ದ, 25 ಮೀಟರ್ ಅಗಲ, ಸುತ್ತ ಒಂದಕ್ಕೊಂದು ಕಚ್ಚಿಕೊಂಡ ಕಾಂಕ್ರೀಟ್ ಕಂಬಗಳ ಸೆಕೆಂಟ್ ಪೈಲ್ ಗೋಡೆ. ಒಂದು ಬದಿಯಲ್ಲಿ ಗೋಡೆಯ ಹಿಂದೆಯೇ 600 ಮಿ.ಮೀ. ವ್ಯಾಸದ ಹಳೆಯ ನೀರಿನ ಪೈಪ್ ಹೋಗಿದೆ. ಒಂದು ಶಿಫ್ಟ್‌ನಲ್ಲಿ ಕೆಳಗೆ 35 ಜನ ಇರುತ್ತಾರೆ. ಒಂದು ಮೆಟ್ಟಿಲು ಟವರ್, ಒಂದು ಏಣಿ, ನಾಲ್ಕು ಪಂಪ್, ಒಂದು ಸೈರನ್ ಇದೆ. ತುರ್ತು ಯೋಜನೆ ಬರೆಯಲು ಹೇಳಿದ್ದಾರೆ. ಸಿಕ್ಕಿದ ನಮೂನೆಯಲ್ಲಿ ‘ಸೈರನ್ ಹಾಕಿ, ಹೊರಗೆ ಬನ್ನಿ, ನೀರು ಎತ್ತಿ’ ಅಂತ ಮಾತ್ರ ಇದೆ. ನಿಜವಾಗಿ ಏನೇನು ಇರಬೇಕು?

ಪಂಪ್ ಗುತ್ತಿಗೆದಾರ: ನಾಲ್ಕು ಪಂಪ್ ಸಾಲಲ್ಲ ಸರ್. ಇನ್ನೂ ನಾಲ್ಕು ಇಟ್ಟುಕೊಳ್ಳಿ, ಜನರೇಟರ್ ಮೇಲೆ ಇರಲಿ. ಪೈಪ್ ಒಡೆದ ತಕ್ಷಣ ಎಲ್ಲ ಪಂಪ್ ಒಟ್ಟಿಗೆ ಹಾಕಿದರೆ ಕಂಟ್ರೋಲ್ ಆಗುತ್ತದೆ. ನೀರು ಏರುವ ಮುಂಚೆಯೇ ಎತ್ತಿಬಿಟ್ಟರೆ ಯಾರೂ ಓಡಬೇಕಾಗಿಲ್ಲ.

ಜಿಯೋಟೆಕ್ ಎಂಜಿನಿಯರ್: ಜನರೇಟರ್ ಮೇಲಿರಬೇಕು ಅನ್ನುವುದು ಸರಿ. ಉಳಿದದ್ದನ್ನು ಒಮ್ಮೆ ಲೆಕ್ಕ ಹಾಕಿ ನೋಡೋಣ.

600 ಮಿ.ಮೀ. ಪೈಪ್‌ನಲ್ಲಿ ನೀರು ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ಹರಿಯುತ್ತಿದ್ದರೆ ಸೆಕೆಂಡಿಗೆ ಸುಮಾರು ಅರ್ಧ ಘನ ಮೀಟರ್, ಅಂದರೆ ನಿಮಿಷಕ್ಕೆ 30 ಘನ ಮೀಟರ್‌ಗೂ ಜಾಸ್ತಿ ಬರುತ್ತದೆ. ಪೈಪ್ ಪೂರ್ತಿ ಒಡೆದರೆ ಇದಕ್ಕಿಂತ ಹೆಚ್ಚೂ ಬರಬಹುದು. ಗಂಟೆಗೆ 100 ಘನ ಮೀಟರ್ ಎತ್ತುವ ನಾಲ್ಕು ಪಂಪ್ ಓಡಿಸಿದರೆ ಹೊರಹೋಗುವುದು ನಿಮಿಷಕ್ಕೆ ಏಳು ಘನ ಮೀಟರ್ ಕೂಡ ಇಲ್ಲ. ಎಂಟು ಪಂಪ್ ಹಾಕಿದರೂ ಅರ್ಧಕ್ಕೂ ಬರಲ್ಲ. ದಿನದ ಒಸರು ನೀರಿಗೆ, ಮಳೆ ನೀರಿಗೆ ಪಂಪ್ ಬೇಕು. ದಿಢೀರ್ ಪ್ರವಾಹದಲ್ಲಿ ಜನರನ್ನು ಉಳಿಸುವುದು ಪಂಪ್ ಅಲ್ಲ, ಸಮಯ. ಹಾಗಾಗಿ ನಿಮಗೆ ಎಷ್ಟು ನಿಮಿಷ ಸಿಗುತ್ತದೆ ಅನ್ನುವುದರಿಂದ ಯೋಜನೆ ಶುರುವಾಗಲಿ.

ಗುಂಡಿಯ ತಳ 1000 ಚದರ ಮೀಟರ್. ಇಡೀ ತಳ ಸಮವಾಗಿದ್ದರೆ ನೀರು ನಿಮಿಷಕ್ಕೆ ಮೂರು ಸೆಂಟಿಮೀಟರ್‌ನಷ್ಟು ಏರುತ್ತದೆ. ಕೇಳಿದರೆ ಸಾಕಷ್ಟು ಸಮಯ ಇದೆ ಅನ್ನಿಸುತ್ತದೆ ಅಲ್ವಾ? ಆದರೆ ತಳ ಯಾವತ್ತೂ ಸಮ ಇರಲ್ಲ. ಲಿಫ್ಟ್ ಪಿಟ್‌ಗೋ ಪಂಪ್‌ಗೆ ನೀರು ಕೂಡಿಸುವ ಸಂಪ್‌ಗೋ ಒಂದು ಮೂಲೆ ಇನ್ನೂ ಆಳ ಇರುತ್ತದೆ. ಅದು ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂವರೆ ಮೀಟರ್ ಆಳ ಅಂತ ಇಟ್ಟುಕೊಳ್ಳಿ. ನೀರೆಲ್ಲ ಮೊದಲು ಅಲ್ಲಿಗೇ ಓಡುತ್ತದೆ. ಅಲ್ಲಿ ಕಂಬಿ ಕಟ್ಟುವವರಿಗೆ ಒಂದೂವರೆ ನಿಮಿಷದಲ್ಲಿ ಮಂಡಿ ಮುಟ್ಟುತ್ತದೆ, ಐದು ನಿಮಿಷದಲ್ಲಿ ಆ ಹಳ್ಳ ತುಂಬುತ್ತದೆ. ನಿಮ್ಮ ಯೋಜನೆ ಅಳೆಯಬೇಕಾದದ್ದು ಆ ಮೂಲೆಯಲ್ಲಿರುವವನ ಸಮಯವನ್ನು. ಅಲ್ಲಿಂದ ಮೇಲಕ್ಕೆ ಬರಲು ಬೇರೆ ಏಣಿ ಇದೆಯಾ, ಮೊದಲು ನೋಡಿ.

ಮನೆ ಕಟ್ಟಿಸುತ್ತಿರುವವರು: ನಮ್ಮ ಮನೆಯ ಬೇಸ್‌ಮೆಂಟ್‌ನಲ್ಲೂ ಮಳೆಗಾಲದಲ್ಲಿ ನೀರು ಬರುತ್ತದೆ. ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿದ ಮೇಲೂ ಮೂಲೆಯಲ್ಲಿ ಒದ್ದೆ. ಇದಕ್ಕೂ ಸೈರನ್ ಹಾಕಿಸಬೇಕಾ?

ಜಿಯೋಟೆಕ್ ಎಂಜಿನಿಯರ್: ನಿಮ್ಮದು ಒಸರುವ ಸಮಸ್ಯೆ, ಸೈರನ್ ಏನೂ ಬೇಡ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ಸೈಟ್ ಸೇಫ್ಟಿ: ಲಿಫ್ಟ್ ಪಿಟ್‌ಗೆ ಹಲಗೆ ಇಟ್ಟು ಇಳಿಯುತ್ತಾರೆ, ಏಣಿ ಇಲ್ಲ. ಇವತ್ತೇ ಹಾಕಿಸುತ್ತೇನೆ. ಸೈರನ್ ಯಾವಾಗ ಕೂಗಬೇಕು? ಹಳದಿ ಎಚ್ಚರಿಕೆ, ಕೆಂಪು ಎಚ್ಚರಿಕೆ ಅಂತ ಎರಡು ಸದ್ದು ಇಡಬೇಕೆಂದು ನಮೂನೆಯಲ್ಲಿದೆ.

ಜಿಯೋಟೆಕ್ ಎಂಜಿನಿಯರ್: ಹಳದಿ, ಕೆಂಪು ಮೇಲಿನವರಿಗೆ ಇರಲಿ. ಗುಂಡಿಯೊಳಗಿನವರಿಗೆ ಒಂದೇ ಸದ್ದು, ಒಂದೇ ಅರ್ಥ: ಕೈಲಿರುವುದನ್ನು ಅಲ್ಲೇ ಬಿಟ್ಟು ಹತ್ತಿ. ಎರಡು ಸದ್ದು ಇದ್ದರೆ ಇದು ಯಾವುದು ಅಂತ ಮುಖ ಮುಖ ನೋಡುತ್ತಾ ಅರ್ಧ ನಿಮಿಷ ಹೋಗುತ್ತದೆ. ಕಲ್ಲು ಒಡೆಯುವ ಬ್ರೇಕರ್ ಓಡುವಾಗ ಕ್ಯಾಬಿನ್ ಮುಚ್ಚಿ ಕೂತ ಆಪರೇಟರ್‌ಗೆ ಯಾವ ಸೈರನ್ನೂ ಕೇಳಿಸಲ್ಲ. ಅವರ ಕಣ್ಣಿಗೆ ಬೀಳುವಂತೆ ಮಿಣುಕುವ ದೀಪ ಎರಡು ಮೂಲೆಯಲ್ಲಾದರೂ ಇರಲಿ. ಬಟನ್ ಕೆಳಗೂ ಇರಬೇಕು, ಮೇಲೂ ಇರಬೇಕು. ಯಾರು ಬೇಕಾದರೂ ಒತ್ತಬಹುದು, ಸುಳ್ಳು ಅಲಾರಂ ಆದರೆ ಬೈಯಲ್ಲ ಅಂತ ಮೇಸ್ತ್ರಿಗಳಿಗೆ ಮೊದಲೇ ಹೇಳಿ. ಹೇಳದಿದ್ದರೆ ಎಲ್ಲರೂ ಇನ್‌ಚಾರ್ಜ್‌ನನ್ನು ಕೇಳಲು ಹುಡುಕುತ್ತಾರೆ.

ತಾನಾಗಿ ಕೂಗಲು ಸಂಪ್‌ನಲ್ಲಿ ಮೂರು ಫ್ಲೋಟ್ ಸ್ವಿಚ್ ಸಾಕು. ಮೊದಲನೆಯದು ಪಂಪ್ ಶುರು ಮಾಡುತ್ತದೆ. ಎರಡನೆಯದು ಮೇಲಿನ ಶಿಫ್ಟ್ ಇನ್‌ಚಾರ್ಜ್ ರೂಮಿನಲ್ಲಿ ಬಜರ್ ಹೊಡೆಯುತ್ತದೆ. ಮೂರನೆಯದು ಯಾರನ್ನೂ ಕೇಳದೆ ಸೈರನ್ ಹಾಕುತ್ತದೆ. ಸೈರನ್‌ನ ಬ್ಯಾಟರಿ, ವೈರ್ ಎಲ್ಲ ಗುಂಡಿಯ ಹೊರಗೆ ಮೇಲಿನ ನೆಲದ ಮಟ್ಟದಲ್ಲಿರಲಿ.

ಆದರೆ ಫ್ಲೋಟ್‌ಗಿಂತ ಮೊದಲೇ ಸುಳಿವು ಕೊಡುವುದು ಗೋಡೆ. ಪೈಲ್‌ಗಳ ನಡುವಿನ ಜಾಯಿಂಟ್‌ನಲ್ಲಿ ತಿಳಿ ನೀರು ಒಸರಿದರೆ ಬಕೆಟ್ ಹಿಡಿದು ಅಳೆಯಿರಿ. 20 ಲೀಟರ್ ತುಂಬಲು ಎಷ್ಟು ಸೆಕೆಂಡ್ ಅಂತ ಗಂಟೆಗೊಮ್ಮೆ ಬರೆದಿಡಿ. ಅದೇ ನೀರು ಕೆಸರಾಗಿ ಬಂದರೆ, ಮರಳು ಹೊತ್ತು ತಂದರೆ, ಅಳೆಯಲು ನಿಲ್ಲಬೇಡಿ. ಗೋಡೆಯ ಹಿಂದಿನ ಮಣ್ಣು ಖಾಲಿಯಾಗುತ್ತಿದೆ ಅಂತ ಅರ್ಥ. ಆಗಲೇ ಸೈರನ್. ಹೊರಗೆ ನೆಲದೊಳಗಿನ ನೀರು ಅಳೆಯಲು ಇಳಿಸಿದ ಪೀಜೋಮೀಟರ್‌ನಲ್ಲಿ ನೀರಿನ ಮಟ್ಟ ಕಾರಣವಿಲ್ಲದೆ ಬಿದ್ದರೂ ಹಾಗೇ ಗಮನಿಸಿ, ಆ ನೀರು ಎಲ್ಲಿಗೋ ಹೋಗುತ್ತಿದೆ. ಮಟ್ಟ ಏರಿದರೆ ಪೈಪ್ ನೆಲದೊಳಗೆ ಸೋರುತ್ತಿರಬಹುದು, ಗೋಡೆಯ ಮೇಲೆ ಒತ್ತಡ ಕೂಡುತ್ತಿದೆ.

ಎಲೆಕ್ಟ್ರೀಷಿಯನ್: ನೀರು ಬಂದ ತಕ್ಷಣ ಮೇನ್ ಆಫ್ ಮಾಡಬೇಕು ಅಂತ ದಪ್ಪಕ್ಷರದಲ್ಲಿ ಬರೆಯಿರಿ. ನೀರಿಗಿಂತ ಮೊದಲು ಕರೆಂಟ್ ಕೊಲ್ಲುತ್ತದೆ.

ಜಿಯೋಟೆಕ್ ಎಂಜಿನಿಯರ್: ಕರೆಂಟ್ ಕೊಲ್ಲುತ್ತದೆ, ಒಪ್ಪಿದೆ. ಆದರೆ ಒಂದೇ ಮೇನ್ ಇದ್ದು ಅದನ್ನು ಆಫ್ ಮಾಡಿದರೆ ರಾತ್ರಿ ಶಿಫ್ಟ್‌ನ 35 ಜನ ಕತ್ತಲಲ್ಲಿ ಮೆಟ್ಟಿಲು ಹುಡುಕುತ್ತಾರೆ. ವೆಲ್ಡಿಂಗ್, ಕಟಿಂಗ್, ವೈಬ್ರೇಟರ್ ಸಾಲು ಬೇರೆ ಇರಲಿ, ಮೆಟ್ಟಿಲ ದೀಪ ಬ್ಯಾಟರಿ ಮೇಲಿರಲಿ, ಪಂಪ್ ಸಾಲು ಬೇರೆ ಇರಲಿ. ಸೈರನ್ ಕೂಗಿದ ಕ್ಷಣ ಎಲೆಕ್ಟ್ರೀಷಿಯನ್ ಗುಂಡಿಯ ಕೆಲಸದ ಸಾಲು ತೆಗೆಯುತ್ತಾನೆ. ಕೊನೆಯವನು ಹತ್ತಿದ ಮೇಲೆ ಪಂಪ್ ಸಾಲು. ಪ್ಯಾನೆಲ್ ಗುಂಡಿಯೊಳಗೆ ಇದ್ದರೆ ಇದ್ಯಾವುದೂ ನಡೆಯಲ್ಲ, ಮೇಲಕ್ಕೆ ತನ್ನಿ.

ಎಲೆಕ್ಟ್ರೀಷಿಯನ್: ಪಂಪ್ ಸಾಲನ್ನು ಕೊನೆಗೆ ಬಿಡುವುದು ನನಗೆ ಇಷ್ಟ ಇಲ್ಲ. ಪ್ರತಿ ಪಂಪ್‌ಗೂ ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ 30 ಮಿಲಿಆಂಪ್ ಇಎಲ್‌ಸಿಬಿ ಇದ್ದರೆ ನೋಡೋಣ. ಕೇಬಲ್ ಜಾಯಿಂಟ್ ಟೇಪ್ ಸುತ್ತಿದ್ದಾಗಿದ್ದರೆ ಅದನ್ನೂ ಮೊದಲೇ ತೆಗೆಯುತ್ತೇನೆ.

ಜಿಯೋಟೆಕ್ ಎಂಜಿನಿಯರ್: ಜಾಯಿಂಟ್ ಹಾಗಿದ್ದರೆ ನೀವು ಹೇಳಿದ್ದೇ ಸರಿ. ಸೈಟ್ ನೋಡಿ ನಿರ್ಧರಿಸಬೇಕಾದದ್ದು ಅದು.

ಸೈಟ್ ಸೇಫ್ಟಿ: ಉಳಿದ ಹೊಣೆ ಯಾರ್ಯಾರಿಗೆ? ಮೆಟ್ಟಿಲ ಮೇಲೆ ನೂಕುನುಗ್ಗಲು ಆದರೆ?

ಜಿಯೋಟೆಕ್ ಎಂಜಿನಿಯರ್: ಹೆಸರು ಬರೆಯಬೇಡಿ, ಹುದ್ದೆ ಬರೆಯಿರಿ. ಆ ಹುದ್ದೆಯವನು ಊಟಕ್ಕೆ ಹೋದಾಗ ಯಾರು ಅನ್ನುವುದನ್ನೂ ಬರೆಯಿರಿ. ಪೂರ್ತಿ ಹೊಣೆ ಶಿಫ್ಟ್ ಇನ್‌ಚಾರ್ಜ್‌ದು, ಅವನು ಮೇಲೆಯೇ ನಿಲ್ಲಬೇಕು. ಏನಾಯಿತು ಅಂತ ನೋಡಲು ಕೆಳಗೆ ಇಳಿಯಬಾರದು. ಸಾಮಾನ್ಯವಾಗಿ ಆಗುವುದು ಅದೇ, ಇನ್‌ಚಾರ್ಜ್ ಕೆಳಗೆ ಓಡುತ್ತಾನೆ, ಫೋನ್ ಮಾಡುವವರೇ ಇರಲ್ಲ. ಕೆಳಗೆ ಪ್ರತಿ ಗುಂಪಿನ ಮೇಸ್ತ್ರಿ ತನ್ನವರನ್ನು ಮುಂದೆ ಬಿಟ್ಟು ಕೊನೆಗೆ ಹತ್ತುತ್ತಾನೆ. ಲಿಫ್ಟ್ ಪಿಟ್‌ನ ಗುಂಪು ಮೊದಲು. ಕ್ರೇನ್ ಆಪರೇಟರ್ ತೂಗುತ್ತಿರುವುದನ್ನು ಇಳಿಸಿ ಅಂಚಿನಿಂದ ದೂರ ಹೋಗುತ್ತಾನೆ. ಅದರ ಬಕೆಟ್‌ನಲ್ಲಿ ಜನರನ್ನು ಎತ್ತುವ ಯೋಚನೆ ಬೇಡ, ಅಂಚಿನ ನೆಲವೇ ಆಗ ನಂಬಿಕೆಗೆ ಅರ್ಹವಲ್ಲ.

ಮೆಟ್ಟಿಲು ಟವರ್‌ನಲ್ಲಿ 35 ಜನ ಸಾಲಾಗಿ ಮೂರು ನಾಲ್ಕು ನಿಮಿಷದಲ್ಲಿ ಮೇಲೆ ಬರಬಹುದು. ಏಣಿಯಲ್ಲಿ ಒಬ್ಬೊಬ್ಬರೇ ಹತ್ತಬೇಕು, ತಲೆಗೆ ಒಂದು ನಿಮಿಷ ಹಿಡಿಯಿರಿ, ಅರ್ಧ ಗಂಟೆಗೂ ಹೆಚ್ಚು. ಇದು ಅಂದಾಜು, ಡ್ರಿಲ್ ಮಾಡಿ ವಾಚ್ ನೋಡಿ ನಿಮ್ಮ ಅಂಕಿ ಹಾಕಿ. ಟವರ್ ಇರುವುದು ನೀರಿನ ಪೈಪ್ ಇರುವ ಬದಿಯಲ್ಲೇನಾ? ಹಾಗಿದ್ದರೆ ನೀರು ಬೀಳುವ ಕಡೆಗೇ ಜನ ಓಡಬೇಕಾಗುತ್ತದೆ. ಎದುರು ಬದಿಗೆ ಇನ್ನೊಂದು ಟವರ್ ಕೇಳಿ. ದುಡ್ಡಿನ ಮಾತು ಬಂದರೆ ಹೆಚ್ಚುವರಿ ಪಂಪ್ ಬಿಟ್ಟು ಇದನ್ನು ಕೇಳಿ.

ಸೇರುವ ಜಾಗ ಗುಂಡಿಯ ಅಂಚಿನಲ್ಲಿ ಬೇಡ. ಗೋಡೆ ಸರಿದರೆ ಆಳದ ಎರಡರಷ್ಟು ದೂರದವರೆಗೆ ನೆಲ ಕುಸಿಯಬಹುದು, ಆದ್ದರಿಂದ ಕನಿಷ್ಠ 25 ಮೀಟರ್ ಆಚೆ. ಅಲ್ಲಿ ಗೇಟ್‌ನ ಟೋಕನ್ ಬೋರ್ಡ್ ನೋಡಿ ಲೆಕ್ಕ ಹಾಕಲು ಒಬ್ಬನೇ ಇರಲಿ. ಇಳಿಯುವಾಗ ಟೋಕನ್ ತೂಗುಹಾಕಿ, ಹತ್ತಿದಾಗ ತೆಗೆದುಕೊಳ್ಳುವ ಬೋರ್ಡ್. ಬೆಳಗಿನ ಹಾಜರಿ ಪುಸ್ತಕ ಇಲ್ಲಿ ನಡೆಯಲ್ಲ, ಮಧ್ಯಾಹ್ನ ಬಂದ ಕಾಂಕ್ರೀಟ್ ಪಂಪ್ ಹುಡುಗರು ಅದರಲ್ಲಿ ಇರಲ್ಲ. ಒಂದು ಟೋಕನ್ ಉಳಿದರೆ ಯಾರೂ ಕೆಳಗೆ ಇಳಿಯಬಾರದು. ಕೊನೆಯದಾಗಿ ಎಲ್ಲಿ ಕಂಡ ಅಂತ ಅಗ್ನಿಶಾಮಕದವರಿಗೆ ಹೇಳಿ. ಅಂಚಿನ ಕಟಕಟೆಗೆ ಕಟ್ಟಿಟ್ಟ ಹಗ್ಗ, ಲೈಫ್ ರಿಂಗ್ ಮೇಲಿಂದಲೇ ಎಸೆಯಲು.

ಇನ್ನೊಂದು, ಅಕ್ಕಪಕ್ಕದವರನ್ನೂ ಖಾಲಿ ಮಾಡಿಸಬೇಕು. 2009ರ ಮಾರ್ಚ್ 3ರಂದು ಜರ್ಮನಿಯ ಕೊಲೋನ್‌ನಲ್ಲಿ ಮೆಟ್ರೋ ಗುಂಡಿಯ ಗೋಡೆಯ ದೋಷದಿಂದ ನೀರು, ಮಣ್ಣು ಒಳನುಗ್ಗಿ ಪಕ್ಕದ ನಗರ ದಾಖಲೆ ಸಂಗ್ರಹಾಲಯವೇ ಕುಸಿಯಿತು. ಕೆಲಸಗಾರರು ಮೇಲೆ ಬಂದು ಎಚ್ಚರಿಸಿದ್ದರಿಂದ ಆ ಕಟ್ಟಡದಲ್ಲಿದ್ದವರು ಹೊರಬಂದರು. ಪಕ್ಕದ ಮನೆಗಳೂ ಕುಸಿದು ಇಬ್ಬರು ಸತ್ತರು. ಹಾಗಾಗಿ ಯಾವ ಕಟ್ಟಡದ ಬಾಗಿಲು ಯಾರು ತಟ್ಟಬೇಕು ಅನ್ನುವುದು ನಿಮ್ಮ ಕಾಗದದಲ್ಲಿ ಇರಲೇಬೇಕು.

ಪಂಪ್ ಗುತ್ತಿಗೆದಾರ: ಸರಿ, ಜನ ಮೇಲೆ ಬಂದರು. ಈಗಲಾದರೂ ಪಂಪ್ ಹಾಕಬಹುದಲ್ಲ?

ಜಿಯೋಟೆಕ್ ಎಂಜಿನಿಯರ್: ಪೈಪ್ ವಾಲ್ವ್ ಮುಚ್ಚಿ, ಗೋಡೆ ಮೊದಲಿನಂತೆಯೇ ನಿಂತಿದೆ ಅಂತ ವಿನ್ಯಾಸಕಾರರು ಹೇಳಿದ ಮೇಲೆ, ಅವರು ಹೇಳಿದ ವೇಗದಲ್ಲಿ ಹಾಕಿ. ಗೋಡೆಯ ತೂತಿನಿಂದಲೋ ತಳದಿಂದಲೋ ಮರಳು ಬರುತ್ತಿದ್ದರೆ ಒಳಗೆ ನಿಂತ ನೀರೇ ಹೊರಗಿನ ಒತ್ತಡಕ್ಕೆ ಎದುರು ನಿಂತಿರುತ್ತದೆ. ಅದನ್ನು ಬೇಗ ಎತ್ತಿದರೆ ಮರಳು ಇನ್ನೂ ಜೋರಾಗಿ ಬರುತ್ತದೆ. ಕೆಲವೊಮ್ಮೆ ಬೇಕೆಂದೇ ನೀರು ಬಿಟ್ಟು ಗುಂಡಿ ತುಂಬಿಸುತ್ತಾರೆ.

ಸೈಟ್ ಸೇಫ್ಟಿ: ಟವರ್ ಪೈಪ್ ಬದಿಯಲ್ಲೇ ಇದೆ! ಎದುರು ಬದಿಗೆ ಕೇಳುತ್ತೇನೆ. ವಾಲ್ವ್ ಎಲ್ಲಿದೆ ಅಂತ ನೀರು ಸರಬರಾಜಿನವರನ್ನು ಕೇಳಿದೆ. ಎರಡು ವಾಲ್ವ್ ಮುಚ್ಚಬೇಕಂತೆ, ಒಂದು ಯಾವಾಗಲೋ ಡಾಂಬರಿನ ಕೆಳಗೆ ಹೋಗಿದೆಯಂತೆ. ಮುಚ್ಚಲು ಎಷ್ಟು ಹೊತ್ತು ಅಂತ ಅವರು ಹೇಳುತ್ತಿಲ್ಲ.

ಜಿಯೋಟೆಕ್ ಎಂಜಿನಿಯರ್: ಹಾಗಾದರೆ ಮುಚ್ಚುವುದೇ ಇಲ್ಲ ಅಂತ ಎಣಿಸಿ ಸಮಯದ ಲೆಕ್ಕ ಹಾಕಿ. ಡಾಂಬರು ತೆಗೆದು ಆ ವಾಲ್ವ್ ತಿರುಗಿಸಿ ನೋಡುವವರೆಗೆ ಪೈಪ್ ಬದಿಯ ಮುಂದಿನ ಹಂತದ ಅಗೆತ ನಿಲ್ಲಿಸಬಹುದಾ ಅಂತ ಬರಹದಲ್ಲಿ ಕೇಳಿ.

ಸೈಟ್ ಸೇಫ್ಟಿ: ಕೇಳಿದ್ದೇನೆ. ಪ್ರಾಜೆಕ್ಟ್ ಮ್ಯಾನೇಜರ್ ಇನ್ನೂ ಉತ್ತರ ಕೊಟ್ಟಿಲ್ಲ.