‘ಮಾಡಿಸೋಣ’ ಅಂದರೆ ಯಾರು ಮಾಡಿಸಬೇಕು? ಸಂಜೆಯೊಳಗೆ ಇಂಗ್ಲಿಷ್ ಬೇಕು

ಗುರುಮಠಕಲ್ ಕಡೆಯಿಂದ, ಕೇಳಿದವರು:

ಎಲ್ಲರಿಗೂ ನಮಸ್ಕಾರ. ಒಂದು ಸಭೆಯ ನಡಾವಳಿಯನ್ನು ಇಂಗ್ಲಿಷಿಗೆ ಮಾಡಿ ಇವತ್ತು ಸಂಜೆ ಐದಕ್ಕೆ ಕಳಿಸಬೇಕು. ಕಳೆದ ವಾರವೇ ಕಳಿಸಿದ್ದೆ, ಜಗಳದ ಜೊತೆ ವಾಪಸ್ ಬಂತು.

ನಮ್ಮ ಹತ್ತಿರದ ಹಳ್ಳಿಯಲ್ಲಿ ಮೇಲಿನ ಓಣಿಗೂ ಕೆಳಗಿನ ಓಣಿಗೂ ಸೇರಿ ಒಂದೇ ಬೋರು. ಮೋಟರ್ ಸುಟ್ಟಿದೆ, ಪೈಪೂ ಒಡೆದಿದೆ. ಸಭೆಯಲ್ಲಿ ಮೇಲಿನ ಓಣಿಯ ಹಿರಿಯರೊಬ್ಬರು, ಎದುರು ಕೂತಿದ್ದ ಕೆಳಗಿನ ಓಣಿಯವರಿಗೆ ಹೇಳಿದ್ದು ಇಷ್ಟು: ‘ಪೈಪಿನ ಖರ್ಚು ನಾವು ಕೊಡ್ತೀವಿ. ಮೋಟರ್ ರಿಪೇರಿ ಮಾಡಿಸೋಣ.’ ಅಲ್ಲಿದ್ದವರಿಗೆ ಯಾವ ಗೊಂದಲವೂ ಇರಲಿಲ್ಲ. ಪೈಪು ಮೇಲಿನವರದು, ಮೋಟರ್ ಇಬ್ಬರದೂ.

ನಾನು ಎರಡೂ ಕಡೆ ‘ವೀ ವಿಲ್’ ಅಂತ ಬರೆದೆ. ದುಡ್ಡು ಕೊಡುವ ಸಂಸ್ಥೆಯವರು ಎರಡೂ ಖರ್ಚನ್ನು ಮೇಲಿನ ಓಣಿಯ ಲೆಕ್ಕಕ್ಕೆ ಬರೆದರು. ಕೆಳಗಿನ ಓಣಿಯಲ್ಲಿ ಅರ್ಧ ಜನ ತೆಲುಗಿನವರು. ಅವರಿಗೋಸ್ಕರ ಯಾರೋ ನನ್ನ ಇಂಗ್ಲಿಷ್ ನೋಡಿ ತೆಲುಗು ಮಾಡಿದರು, ಎರಡೂ ಕಡೆ ‘ಮೇಮು’ ಹಾಕಿದರು. ಅದನ್ನು ಊರಲ್ಲಿ ಗಟ್ಟಿಯಾಗಿ ಓದಿದಾಗ ಕೆಳಗಿನವರು, ‘ನೋಡ್ರಿ, ನೀವೇ ಮಾಡಿಸ್ತೀವಿ ಅಂತ ಬರೆದುಕೊಟ್ಟೀರಿ’ ಅಂದುಬಿಟ್ಟರು. ಮೋಟರ್ ಸಾಲಿನಲ್ಲಿ ಕೇಳುವವರನ್ನೂ ಸೇರಿಸುವ ‘ಮನಂ’ ಇರಬೇಕಿತ್ತು.

ಕೇಳುವವರನ್ನೂ ಸೇರಿಸಿಕೊಂಡ ‘ನಾವು’, ಬಿಟ್ಟ ‘ನಾವು’ – ಇವೆರಡಕ್ಕೆ ಇಂಗ್ಲಿಷಲ್ಲಿ ಒಂದೊಂದು ಪದ ಇದೆಯಾ? ಬೇಗ ಹೇಳಿ.

ಬೀದರಿನಿಂದ:

ಇದು ಗೌರವದ ಮಾತು ಅನ್ನಿಸುತ್ತೆ. ದೊಡ್ಡವರು ‘ನಾನು’ ಅನ್ನದೆ ‘ನಾವು’ ಅಂತಾರಲ್ಲ, ಹಾಗೆ. ನಮ್ಮತ್ತೆ ಮರಾಠಿಯವರು. ಅವರು ‘ಆಮ್ಹಿ ಹೋಗ್ತೀವಿ’ ಅಂದರೆ ನಾನು ಮನೆಯಲ್ಲಿ ಇರಬೇಕು, ‘ಆಪಣ ಹೋಗೋಣ’ ಅಂದರೆ ಸೀರೆ ಉಡಬೇಕು. ಮದುವೆಯಾದ ಹೊಸದರಲ್ಲಿ ಎರಡು ಸಲ ತಪ್ಪು ತಿಳಿದು ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದೆ.

ಕಲಬುರಗಿಯಿಂದ, ನಿವೃತ್ತ ಮೇಷ್ಟ್ರು:

ಅಕ್ಕಾರ, ಗೌರವ ಅಲ್ಲ ಇದು. ನೀವೇ ಕೊಟ್ಟ ಉದಾಹರಣೆ ನೋಡಿ, ಉತ್ತರ ಅದರಲ್ಲೇ ಇದೆ.

ನನ್ನ ಮತ ಬೇರೆ. ‘ಮಾಡಿಸೋಣ’ದ ‘ಓಣ’ ಬಂದದ್ದು ‘ಓಣಿ’ಯಿಂದ. ಒಂದೇ ಓಣಿಯವರು ಕೂಡಿ ಮಾಡುವ ಕೆಲಸ ಅಂತ. ಇನ್ನು ‘ನಾವು’ ವಿಷಯ. ಹಳಗನ್ನಡದಲ್ಲಿ ಹೊರಗಿಡುವ ‘ಎಮ್ಮ’ ಇತ್ತು, ಒಳಗೊಳ್ಳುವ ‘ನಮ್ಮ’ ಇತ್ತು. ನಮ್ಮ ಕಲ್ಯಾಣದ ಬಸವಣ್ಣನವರನ್ನೇ ನೋಡಿ. ಜೋಯಿಸರಿಗೆ ಹೇಳುವಾಗ ‘ಎಮ್ಮವರು ಬೆಸಗೊಂಡಡೆ’. ಎಲ್ಲರನ್ನೂ ಒಳಗೆ ಸೇರಿಸಿಕೊಳ್ಳುವಾಗ ‘ಇವ ನಮ್ಮವ’. ಇಷ್ಟು ಚಂದದ ಪದ ಮನೆಯಲ್ಲಿರುವಾಗ ಕಂಡವರ ಭಾಷೆಯ ಸರಕು ಯಾಕೆ? ‘ಎಮ್ಮ’ವನ್ನು ಮತ್ತೆ ಬಳಕೆಗೆ ತರಬೇಕು. ನನ್ನ ತಕರಾರು ಇಷ್ಟೇ.

ಯಾದಗಿರಿಯಿಂದ, ಹಳಗನ್ನಡ ಕಲಿಸುವವರು:

ಮೇಷ್ಟ್ರೇ, ‘ಓಣಿ’ ಕಥೆ ಬಿಡಿ. ‘ಓಣ’ ಮೊದಲು ಬರೀ ಕ್ರಿಯೆಯ ಹೆಸರು. ‘ದಯಮಾಡಿಸೋಣವಾಗಲಿ’ ಅಂತ ಅತಿಥಿಗೆ ಅನ್ನುತ್ತಿದ್ದರಲ್ಲ, ಅಲ್ಲಿ ಬರುವವರು ಅತಿಥಿಯೊಬ್ಬರೇ, ಕರೆದವರು ಒಳಗೇ ಇದ್ದಾರೆ. ಅದರೊಳಗೆ ‘ನಾವು’ ಹುಟ್ಟಿನಿಂದ ಇಲ್ಲ, ಬಳಕೆಯಿಂದ ಬಂತು.

‘ಎಮ್ಮ’, ‘ನಮ್ಮ’ ಬೇರೆಬೇರೆ ಇದ್ದದ್ದು ಹೌದು. ಹವ್ಯಕರಲ್ಲಿ ‘ಎಂಗೊ’, ‘ನಾವು’ ಇವತ್ತಿಗೂ ಬೇರೆ. ತುಳುವಿನಲ್ಲಿ ‘ಎಂಕುಲು’, ‘ನಮ’. ನಮ್ಮ ಕಡೆಯ ಕನ್ನಡದಲ್ಲಿ ಒಂದು ಹೋಯಿತು. ಸುತ್ತ ತೆಲುಗು, ಮರಾಠಿ, ದಖನಿ ಮೂರರಲ್ಲೂ ಉಳಿದು, ನಡುವೆ ಕೂತ ನಾವು ಕಳೆದುಕೊಂಡೆವು. ಆದರೆ ವಚನದ ಎರಡು ಸಾಲು ಹಿಡಿದು ನಿಯಮ ಕಟ್ಟಬೇಡಿ. ಪ್ರತಿ ಮಾಡಿದವರು ‘ಎನ್ನ’ವನ್ನೂ ‘ನನ್ನ’ವನ್ನೂ ಬೆರೆಸಿದ್ದಾರೆ.

ಈಗ ಕೇಳಿದವರಿಗೆ. ಇಂಗ್ಲಿಷಲ್ಲಿ ಅಂಥ ಪದ ಇಲ್ಲ, ಹುಡುಕಬೇಡಿ. ‘ಲೆಟ್ಸ್’ ಮಾತ್ರ ಕೇಳುವವರನ್ನು ಸೇರಿಸುತ್ತೆ, ಅದು ನಡಾವಳಿಗೆ ಹೊಂದಲ್ಲ. ಅದನ್ನೇ ಬಿಡಿಸಿ ‘ಲೆಟ್ ಅಸ್’ ಅಂದರೆ ‘ನಮ್ಮನ್ನು ಬಿಡಿ’ ಅಂತಲೂ ಆಗುತ್ತೆ. ಹಾಗಾಗಿ ‘ವೀ’ ತೆಗೆದು ಓಣಿಯ ಹೆಸರು ಬರೆಯಿರಿ.

ಇನ್ನೊಂದು. ‘ಕೊಡ್ತೀವಿ’ ತಾನಾಗಿಯೇ ಯಾರನ್ನೂ ಹೊರಗಿಡಲ್ಲ. ‘ಒಂದಿನ ನಾವೆಲ್ಲಾ ಹೋಗ್ತೀವಿ’ ಅಂತ ಸಾವಿನ ಮನೆಯಲ್ಲಿ ಅಂದರೆ ಕೇಳುವವರೂ ಸೇರಿದರು. ನಿಮ್ಮ ಸಭೆಯಲ್ಲಿ ಹೊರಗಿಟ್ಟದ್ದು ಪಕ್ಕದಲ್ಲೇ ಬಂದ ‘ಮಾಡಿಸೋಣ’. ಎರಡು ವಾಕ್ಯ ಒಟ್ಟಿಗೆ ಇದ್ದದ್ದಕ್ಕೇ ಜನಕ್ಕೆ ತಿಳಿಯಿತು. ‘ನಿನ್ನೆ ನಾವು ಮೋಟರ್ ಬಿಚ್ಚಿದೆವು’ ಅಂದಿದ್ದರೆ ಕನ್ನಡದಲ್ಲೂ ಯಾರು ಅಂತ ಗೊತ್ತಾಗುತ್ತಿರಲಿಲ್ಲ. ನಡೆದುಹೋದದ್ದಕ್ಕೆ ‘ಓಣ’ ಬರಲ್ಲ.

ನಿಮ್ಮ ದೊಡ್ಡ ತಪ್ಪು ‘ವೀ’ ಅಲ್ಲ, ‘ವಿಲ್’. ‘ಮಾಡಿಸೋಣ’ ಅಂದರೆ ಮಾತು ಕೊಟ್ಟಂತಲ್ಲ, ಕೇಳಿದಂತೆ. ಎದುರಿನವರು ‘ಹೂಂ’ ಅಂದ ಮೇಲೆ ಅದು ತೀರ್ಮಾನ. ಅವರು ಏನಂದರು?

ಬೀದರಿನಿಂದ:

‘ಓಣ’ ಅಂದರೆ ಎಲ್ಲರೂ ಸೇರಿ ಅಂತ ನಂಬಬೇಡಿ. ಕಚೇರಿಯಲ್ಲಿ ‘ನೋಡೋಣ್ರಿ, ನಾಳೆ ಬರ್ರಿ’ ಅಂತಾರೆ. ಅಲ್ಲಿ ನಾನೇನು ನೋಡ್ತೀನಿ?

ಯಾದಗಿರಿಯಿಂದ:

ಸರಿಯಾದ ಮಾತು. ಮಗುವಿಗೆ ‘ಔಷಧಿ ಕುಡಿಯೋಣ’ ಅಂದಾಗ ಕುಡಿಯೋದು ಮಗು ಒಂದೇ. ಅದಕ್ಕೇ ಸಂದರ್ಭ ಕೇಳಿದ್ದು.

ಗುರುಮಠಕಲ್ ಕಡೆಯಿಂದ:

ಫೋನ್ ಮಾಡಿ ಕೇಳಿದೆ ಸರ್. ಕೆಳಗಿನ ಓಣಿಯ ಒಬ್ಬರು ‘ಆಗಲಿ’ ಅಂದಿದ್ದರು, ಉಳಿದವರು ಸುಮ್ನೆ ಕೂತಿದ್ದರು. ಹೀಗೆ ಬರೆದಿದ್ದೇನೆ. ಪೈಪಿನ ಖರ್ಚು ಕೊಡುವುದಾಗಿ ಮೇಲಿನ ಓಣಿ ಒಪ್ಪಿತು. ಎರಡೂ ಓಣಿ ಸೇರಿ ಮೋಟರ್ ರಿಪೇರಿ ಮಾಡಿಸಬೇಕೆಂದು ಮೇಲಿನ ಓಣಿ ಸಲಹೆ ಕೊಟ್ಟಿತು. ಕೆಳಗಿನ ಓಣಿಯ ಒಬ್ಬ ಸದಸ್ಯರು ಒಪ್ಪಿದರು. ಇಂಗ್ಲಿಷಲ್ಲಿ ‘ವೀ’ ಎಲ್ಲೂ ಇಲ್ಲ. ‘ಸಮಪಾಲು’ ಅಂತ ಸೇರಿಸಲಾ?

ಯಾದಗಿರಿಯಿಂದ:

ಬೇಡ. ‘ಮಾಡಿಸೋಣ’ದಲ್ಲಿ ಇಬ್ಬರೂ ಇದ್ದಾರೆ, ಎಷ್ಟೆಷ್ಟು ಅಂತ ಇಲ್ಲ. ಇಂಗ್ಲಿಷಿನ ‘ಶೇರ್’ ಹಾಕಿದರೂ ಓದುವವರು ಅರ್ಧರ್ಧ ಅಂದುಕೊಳ್ಳಬಹುದು. ‘ಟುಗೆದರ್’ ಸಾಕು. ತೆಲುಗು ಪ್ರತಿಯನ್ನು ಕನ್ನಡದಿಂದಲೇ ಮಾಡಿಸಿ, ಇಂಗ್ಲಿಷ್ ದಾಟಿಸಬೇಡಿ.

ಕಲಬುರಗಿಯಿಂದ, ನಿವೃತ್ತ ಮೇಷ್ಟ್ರು:

ಇಷ್ಟೆಲ್ಲಾ ಸುತ್ತಾಟ ಯಾಕೆ? ‘ಎಮ್ಮ ಓಣಿ ಕೊಡುವುದು’ ಅಂತ ಒಂದು ಸಾಲು ಬರೆದಿದ್ದರೆ ಕನ್ನಡದಲ್ಲೇ ಮುಗಿಯುತ್ತಿತ್ತು. ಬರೀ ‘ಮೋಟರ್’, ‘ರಿಪೇರಿ’, ‘ಖರ್ಚು’! ನುಡಿ ಹೀಗೇ ಹಾಳಾಗೋದು.

ಸೇಡಂನಿಂದ:

ಮೇಷ್ಟ್ರೇ, ಮೊದಲು ನಿಮ್ಮ ‘ತಕರಾರು’ ವಾಪಸ್ ಕೊಡಿ, ಅದು ಅರಬ್ಬಿಯದು. ಜಮೀನು, ಖಾತೆ, ಅರ್ಜಿ ಎಲ್ಲಾ ಹೊರಗಿನದೇ, ಊರು ನಡೀತಿದೆ. ಅಷ್ಟಕ್ಕೂ ನಮ್ಮಲ್ಲಿ ತೆಲುಗು ಮನೆ ಜಾಸ್ತಿ. ‘ಮನಂ’ ತಗೊಂಡರೆ ಏನು ತಪ್ಪು? ಊರೆಲ್ಲಾ ತಿಳಿಯುತ್ತೆ. ನಿಮ್ಮ ‘ಎಮ್ಮ’ ಅಂದರೆ ಹುಡುಗರು ‘ಎಮ್ಮೆ’ ಅಂತಾರೆ.

ಕಲಬುರಗಿಯಿಂದ, ನಿವೃತ್ತ ಮೇಷ್ಟ್ರು:

ಇದಕ್ಕೆ ಉತ್ತರ ಕೊಡುವುದಿಲ್ಲ.

ಯಾದಗಿರಿಯಿಂದ:

ಹೆಸರುಪದ ಕಡ ತಂದಷ್ಟು ಸುಲಭವಾಗಿ ‘ನಾನು’, ‘ನಾವು’ ತರೋಕೆ ಆಗಲ್ಲ. ಅದು ತಾನಾಗಿ ಬರಬೇಕು. ಮರಾಠಿಯ ಈ ಭೇದ ದ್ರಾವಿಡ ನೆರೆಯವರಿಂದ ಬಂತು ಅಂತ ಹಲವರು ಹೇಳುತ್ತಾರೆ. ಆದರೂ ‘ಆಪಣ’ ಪದ ಅವರದೇ, ಭೇದ ಮಾತ್ರ ನೆರೆಯದು. ಅದನ್ನು ಬೇರೆ ದಿನ ಮಾತಾಡೋಣ.

ಬೀದರಿನಿಂದ:

ಯಾರ್ಯಾರು ಸರ್?

ಗುರುಮಠಕಲ್ ಕಡೆಯಿಂದ:

ನಾಲ್ಕು ಐವತ್ತಕ್ಕೆ ಕಳಿಸಿದೆ. ಕೆಳಗಿನ ಓಣಿಯವರು ಈಗ ಹೇಳ್ತಿದ್ದಾರೆ, ಆ ‘ಆಗಲಿ’ ಅಂದವರು ಅವರ ಓಣಿಯವರೇ ಅಲ್ಲವಂತೆ, ಮಗಳ ಮನೆಗೆ ಬಂದ ಬೀಗರಂತೆ.