ಫೆನಿಯೂ 42.8, ವಿಸ್ಕಿಯೂ 42.8: ವ್ಯತ್ಯಾಸ ಎಲ್ಲಿದೆ?

ಹುಬ್ಬಳ್ಳಿ ಹೊಸಬ: ಗೋವಾದಿಂದ ತಂದ ಕಾಜು ಫೆನಿ ಬಾಟಲಿ ಮೇಲೆ 42.8% ಅಂತಿದೆ. ಇಲ್ಲಿನ ವಿಸ್ಕಿ ಮೇಲೂ ಅಷ್ಟೇ. ವಾಸನೆ ಬಿಟ್ಟು ಬೇರೇನು ವ್ಯತ್ಯಾಸ?

ಭಾಣದ ಬುಡ: ಆ ವಾಸನೆಯಲ್ಲೇ ಇರೋದು ಎಲ್ಲ. ತಾನಾಗಿ ಉದುರಿದ ಗೇರುಹಣ್ಣು ಆಯ್ದು, ಬೀಜ ಬೇರೆ ಮಾಡಿ, ತುಳಿದು ರಸ ತೆಗೀತಾರೆ. ಈಸ್ಟ್ ಹಾಕೋದಿಲ್ಲ, ಸಿಪ್ಪೆ ಮೇಲಿರೋದೇ ಸಾಕು. ಸುಮಾರು ಮೂರು ದಿನಕ್ಕೆ ಗುಳ್ಳೆ ಏಳೋದು ನಿಲ್ಲುತ್ತೆ. ಆಗಲೇ ಒಲೆಗೇರಿಸಬೇಕು, ತಡವಾದರೆ ವಿನೆಗರ್ ಆಗೋಕೆ ಶುರು. 100 ಲೀಟರ್ ಹುಳಿತ ರಸದಲ್ಲಿ ಆಲ್ಕೋಹಾಲ್ 6% ಅಂದುಕೊಳ್ಳಿ, ಅಂದರೆ 6 ಲೀಟರ್. ಮೊದಲ ಸಲ ಭಟ್ಟಿ ಇಳಿಸಿದರೆ ಸುಮಾರು 15%ನ ಉರ್ರಾಕ್. ಒಂದು ಹನಿಯೂ ನಷ್ಟವಾಗದಿದ್ದರೆ 40 ಲೀಟರ್. ಅದಕ್ಕೆ ಮತ್ತಷ್ಟು ಹುಳಿತ ರಸ ಸೇರಿಸಿ ಇನ್ನೊಮ್ಮೆ ಇಳಿಸಿದ್ದು ಫೆನಿ.

ಕಾರ್ಖಾನೆಯಲ್ಲಿ ಕಾಕಂಬಿ ಅಥವಾ ಧಾನ್ಯ ಹುಳಿಸಿ, ಎತ್ತರದ ಕಾಲಮ್‌ನಲ್ಲಿ ಬಿಡುವಿಲ್ಲದೆ ಇಳಿಸಿ 96%ಕ್ಕೆ ಒಯ್ಯುತ್ತಾರೆ. ಅಲ್ಲಿಗೆ ಅದು ಯಾವುದರಿಂದ ಬಂತು ಅನ್ನೋ ಗುರುತೇ ಉಳಿಯಲ್ಲ. ಆಮೇಲೆ ನೀರು ಬೆರೆಸಿ 42.8ಕ್ಕೆ ತಂದು, ರುಚಿ ಹೊರಗಿಂದ ಕೊಡ್ತಾರೆ. ಫೆನಿ ಕೆಳಗಿಂದ ಹತ್ತಿ ಬಂದ 42, ನಿಮ್ಮ ವಿಸ್ಕಿ ಮೇಲಿಂದ ಇಳಿದ 42.

ಲೇಬಲ್ ಓದುಗ: "ರುಚಿ ಹೊರಗಿಂದ"? ಸಿಂಗಲ್ ಮಾಲ್ಟ್ ಕೂಡ ತಾಮ್ರದ ಪಾತ್ರೆಯಲ್ಲೇ ಇಳಿಯೋದು ಸ್ವಾಮಿ. ಎಲ್ಲ ವಿಸ್ಕಿಗೂ ಒಂದೇ ಮಸಿ ಬಳಿಯಬೇಡಿ.

ಭಾಣದ ಬುಡ: ಪ್ರಶ್ನೆ ಕೇಳಿದವರ ಕೈಲಿರೋದು ಸಿಂಗಲ್ ಮಾಲ್ಟ್ ಅಂತ ನಿಮಗೆ ಯಾರು ಹೇಳಿದ್ರು?

ಕುಮಟೆಯವ: 96% ಅಂದ್ರೆ ಶುದ್ಧ ಅಂತಲೇ ಅರ್ಥ. ಹಳ್ಳಿ ಭಟ್ಟಿಯಲ್ಲಿ ಮೆಥನಾಲ್ ಇರುತ್ತೆ. ಮೊದಲು ಬರೋ ಒಂದು ಲೋಟ ಚೆಲ್ಲದಿದ್ದರೆ ಕಣ್ಣು ಹೋಗುತ್ತೆ. ಮೆಥನಾಲ್ ಕುದಿಯೋದು 64.7 ಡಿಗ್ರಿಗೆ, ಆಲ್ಕೋಹಾಲ್ 78ಕ್ಕೆ. ಹೈಸ್ಕೂಲು ಪಾಠ.

ಭಾಣದ ಬುಡ: ಹೈಸ್ಕೂಲಿನಲ್ಲೇ ನಿಂತಿದೆ ಪಾಠ. 64.7 ಅನ್ನೋದು ಬರೀ ಮೆಥನಾಲ್ ಇದ್ದಾಗ. ನೀರು, ಆಲ್ಕೋಹಾಲ್ ಜೊತೆ ಬೆರೆತಾಗ ಅದು ಮೊದಲ ಲೋಟದಲ್ಲಿ ಎದ್ದು ಹೋಗಲ್ಲ, ಶುರುವಿನಿಂದ ಕೊನೆತನಕ ಸ್ವಲ್ಪ ಸ್ವಲ್ಪ ಬರ್ತಾನೇ ಇರುತ್ತೆ. ಮೊದಲ ಲೋಟದಲ್ಲಿ ತುಂಬಿಕೊಳ್ಳೋದು ಅಸಿಟಾಲ್ಡಿಹೈಡ್, ಈಥೈಲ್ ಅಸಿಟೇಟ್, ಅಂದರೆ ಉಗುರುಬಣ್ಣದ ವಾಸನೆ. ಅದನ್ನ ಚೆಲ್ಲೋದು ಸರಿಯೇ, ಆದರೆ ನೀವು ಹೇಳೋ ಕಾರಣಕ್ಕಲ್ಲ.

ಕುಮಟೆಯವ: ಹಾಗಾದ್ರೆ ಕೊನೆತನಕ ವಿಷ ಬರ್ತಾ ಇರುತ್ತೆ ಅಂತ ನೀವೇ ಒಪ್ಪಿಕೊಂಡಂಗಾಯ್ತು!

ಭಾಣದ ಬುಡ: ಎಷ್ಟು ಅನ್ನೋದು ಮುಖ್ಯ ಮಾರಾಯ್ರೆ. ಹಣ್ಣಿನ ಪೆಕ್ಟಿನ್ ಒಡೆದು ಬರೋ ಮೆಥನಾಲ್ ತೀರಾ ಕಮ್ಮಿ, ದ್ರಾಕ್ಷಿ ಬ್ರಾಂದಿಯಲ್ಲೂ ಇರುತ್ತೆ. ಕಳ್ಳಭಟ್ಟಿ ದುರಂತಗಳಲ್ಲಿ ಸಾಮಾನ್ಯವಾಗಿ ಸಿಗೋದು ಕಾರ್ಖಾನೆಯ ಮೆಥನಾಲ್, ಯಾರೋ ಡ್ರಮ್ಮಿನಿಂದ ಬೆರೆಸಿದ್ದು. ಅದು ಹಣ್ಣಿನಿಂದ ಬಂದಿದ್ದಲ್ಲ.

ಸುರ್ ಪ್ರಿಯ: ಅದಕ್ಕೇ ತೆಂಗಿನ ಫೆನಿ ಮೇಲು. ಕಳ್ಳಿಗೆ ಹಣ್ಣಿಲ್ಲ, ಪೆಕ್ಟಿನ್ ಇಲ್ಲ. ತುಳಿಯೋದೂ ಇಲ್ಲ, ಮರದ ಮೇಲಿನ ಗಡಿಗೆಯಲ್ಲೇ ಹುಳಿಯೋಕೆ ಶುರು. ಮೆಥನಾಲ್ ಸೊನ್ನೆ.

ಭಾಣದ ಬುಡ: ಕಮ್ಮಿ ಅನ್ನಿ, ಸೊನ್ನೆ ಅನ್ನಬೇಡಿ. ತೆಂಗಿನದಕ್ಕೆ ಬೇರೆ ತೊಂದರೆ ಇದೆ: ಗೇರಿನ ರಸ ಮೂರು ದಿನ ಕಾಯುತ್ತೆ, ಕಳ್ಳು ಅಷ್ಟು ಕಾದರೆ ವಿನೆಗರ್.

ಸುರ್ ಪ್ರಿಯ: ದಕ್ಷಿಣ ಗೋವಾದವರಿಗೆ ಅದನ್ನ ನೀವು ಹೇಳಿಕೊಡಬೇಕಾ?

ಗೇರುತೋಟ: ನಮ್ಮಲ್ಲಿ ಏಪ್ರಿಲ್‌ನಲ್ಲಿ ಬೀಜ ಕಿತ್ತು ಹಣ್ಣು ರಾಶಿ ರಾಶಿ ಎಸೀತೇವೆ. ಕುಕ್ಕರಿಗೆ ಪೈಪ್ ಸಿಕ್ಕಿಸಿ ಮಾಡಿದ್ರೆ ಆಗುತ್ತಾ?

ಲೇಬಲ್ ಓದುಗ: ಇಲ್ಲಿ 2007ರಲ್ಲೇ ಸಾರಾಯಿ ನಿಷೇಧ ಆಯ್ತು. ಪರವಾನಗಿ ಇಲ್ಲದೆ ಇಳಿಸಿದರೆ ಕೇಸು. ಗೋವಾದಲ್ಲಿ ಫೆನಿಗೆ 2016ರಲ್ಲಿ ಪಾರಂಪರಿಕ ಪೇಯ ಅನ್ನೋ ಪಟ್ಟ. ಒಂದೇ ಹಣ್ಣು, ಗಡಿ ದಾಟಿದರೆ ಅಪರಾಧ.

ಭಾಣದ ಬುಡ: ಕಾನೂನು ಬಿಡಿ, ಕುಕ್ಕರ್ ಹಠ ಬೇಡ. ತಿರುಳು ವೆಂಟ್ ಮುಚ್ಚಿದರೆ ಸಿಡಿಯುತ್ತೆ. ಫೆನಿ ಇಳಿಸೋ ಪಾತ್ರೆ ಭಾಣದಲ್ಲೂ ತಿರುಳು ತಳ ಹಿಡಿದರೆ ಸೀದ ವಾಸನೆ, ಬೆಂಕಿ ಜಾಸ್ತಿಯಾದರೆ ರಸವೇ ಉಕ್ಕಿ ನಳಿಗೆ ಬಂದು ಇಳಿಯೋದು ಕಲಕಾಗುತ್ತೆ. ಅದಕ್ಕೇ ಅಲ್ಲಿ ಒಲೆ ನೋಡ್ಕೊಳ್ಳೋಕೆ ಒಬ್ಬರು ಇರ್ಲೇಬೇಕು.

ಹುಬ್ಬಳ್ಳಿ ಹೊಸಬ: ನನ್ನ ಬಾಟಲಿ ಅಸಲಿಯೋ ಎಸೆನ್ಸ್ ಹಾಕಿದ್ದೋ ಗೊತ್ತಾಗೋದು ಹೇಗೆ?

ಕುಮಟೆಯವ: ಚಮಚದಲ್ಲಿ ಹಚ್ಚಿ. ನೀಲಿ ಉರಿ ಬಂದ್ರೆ ಅಸಲಿ.

ಭಾಣದ ಬುಡ: ದೇವರೇ. ಕಾರ್ಖಾನೆ ಸ್ಪಿರಿಟ್ಟೂ ನೀಲಿ, ಮೆಥನಾಲೂ ನೀಲಿ. ಉರಿಯಿಂದ ಏನೂ ತಿಳಿಯಲ್ಲ. ಮುಚ್ಚಳ ನೋಡಿ, ಯಾರು ಎಲ್ಲಿ ಇಳಿಸಿದ್ದು ಅಂತ ಲೇಬಲ್ ನೋಡಿ. ಕಾಜು ಫೆನಿಗೆ 2009ರಿಂದ ಭೌಗೋಳಿಕ ಗುರುತು ಇದೆ.

ಲೇಬಲ್ ಓದುಗ: ಮೂಗು ಸಾಕು ಅಂದವರು ಈಗ ಲೇಬಲ್ಲಿಗೆ ಬಂದ್ರಾ?

ಭಾಣದ ಬುಡ: ಮೂಗು ಸಾಕು ಅಂತ ನಾನೆಲ್ಲಿ ಹೇಳಿದೆ, ತೋರಿಸಿ.

ಕುಮಟೆಯವ: ನಾನಂತೂ ಮೊದಲ ಲೋಟ ಚೆಲ್ಲೋದೇ. ಮಿಕ್ಕಿದ್ದು ನೀವು ಕುಡೀರಿ.