ಕೋರ್ಸಿಗೆ ಬಂದ ಮುಂಗಡ ಯಾವಾಗ ನಮ್ಮ ಆದಾಯ?

ಕೇಳಿದವರು, ವಿರಾಜಪೇಟೆ: ಕಾಫಿ ಹುರಿಯುವುದು, ಕಪ್ಪಿಂಗ್ ಮಾಡುವುದು ಕಲಿಸುತ್ತೇವೆ. 10 ಶನಿವಾರ, 10 ತರಗತಿ. ಫೆಬ್ರವರಿಯಲ್ಲೇ 12 ಜನ ಪೂರ್ತಿ ಫೀ ಕಟ್ಟಿದರು. ತಲಾ 10,000, ಅದರ ಮೇಲೆ 18% ಜಿಎಸ್‌ಟಿ. ಮಾರ್ಚ್ 31ಕ್ಕೆ ಮುಗಿದದ್ದು 4 ತರಗತಿ. ಹೂಮಳೆ ಬರದೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಬೇಕಾಯಿತು ಅಂತ ಇಬ್ಬರು ಬರಲೇ ಇಲ್ಲ, ಮುಂದಿನ ಬ್ಯಾಚಿಗೆ ಬರುತ್ತೇವೆ ಅಂದಿದ್ದಾರೆ. ಈ ವರ್ಷದ ಲೆಕ್ಕದಲ್ಲಿ ಆದಾಯ ಎಷ್ಟು ತೋರಿಸಬೇಕು?

ಸೋಮವಾರಪೇಟೆಯಿಂದ: ದುಡ್ಡು ಬ್ಯಾಂಕಿಗೆ ಬಂದ ದಿನವೇ ಆದಾಯ. ನಾನು ಟೈಲರಿಂಗ್ ಕ್ಲಾಸ್ ನಡೆಸುತ್ತೇನೆ, ಎಷ್ಟೋ ವರ್ಷದಿಂದ ಹಾಗೇ ಬರೆಯುತ್ತಿದ್ದೇನೆ. ನನ್ನ ರಸೀದಿಯಲ್ಲಿ ‘ಫೀ ವಾಪಸ್ ಇಲ್ಲ’ ಅಂತಲೂ ಇದೆ. ವಾಪಸ್ ಕೊಡಬೇಕಾಗಿಲ್ಲದ ದುಡ್ಡು ನಮ್ಮದೇ ಅಲ್ವಾ?

ಮಡಿಕೇರಿಯಿಂದ, ಲೆಕ್ಕಪತ್ರದ ಕೆಲಸ ಮಾಡುವವನು: ಅಕ್ಕಾ, ನಿಮ್ಮ ಪುಸ್ತಕ ಪೂರ್ತಿ ನಗದು ಪದ್ಧತಿಯದಾದರೆ ನಿಮ್ಮ ಮಟ್ಟಿಗೆ ಅದು ಸರಿ. ಆದರೆ ಒಂದು ವರ್ಷ ಹಾಗೆ, ಇನ್ನೊಂದು ವರ್ಷ ಹೀಗೆ ಅಂತ ಅನುಕೂಲ ನೋಡಿ ಬದಲಾಯಿಸುವ ಹಾಗಿಲ್ಲ. ‘ವಾಪಸ್ ಇಲ್ಲ’ ಅನ್ನುವ ಸಾಲಿನ ಬಗ್ಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ದುಡ್ಡು ವಾಪಸ್ ಕೊಡಬೇಕಾಗಿಲ್ಲ, ಸರಿ. ಪಾಠ ಹೇಳಿಕೊಡಬೇಕಲ್ಲ? ಆ ಬಾಕಿ ಇರುವವರೆಗೆ ಅದು ಗಳಿಸಿದ ಹಣ ಆಗುವುದಿಲ್ಲ.

ವಿರಾಜಪೇಟೆಯವರು ಬಿಲ್ಲಿನ ಲೆಕ್ಕ, ಬಾಕಿ ಲೆಕ್ಕ ಎಲ್ಲ ಇಡುವವರು ಅಂದುಕೊಂಡು ಹೇಳುತ್ತೇನೆ. ಎ.ಎಸ್. 9 ಎನ್ನುವ ಲೆಕ್ಕದ ಮಾನದಂಡದಲ್ಲಿ ಬೋಧನಾ ಶುಲ್ಕದ ಮಾತು ನೇರವಾಗಿಯೇ ಇದೆ: ಪಾಠ ನಡೆಯುವ ಅವಧಿಯುದ್ದಕ್ಕೂ ಆದಾಯ ತೋರಿಸಬೇಕು.

ಮೊದಲು ಜಿಎಸ್‌ಟಿಯನ್ನು ಬದಿಗಿಡಿ. ಬಂದದ್ದು 1,41,600. ಅದರಲ್ಲಿ 21,600 ಸರ್ಕಾರದ್ದು, ಅದು ಎಂದೂ ನಿಮ್ಮ ಆದಾಯ ಅಲ್ಲ. ಉಳಿದ 1,20,000ವನ್ನು ‘ಮುಂಗಡ ಬಂದ ಕೋರ್ಸ್ ಫೀ’ ಅಂತ ಸಾಲದ ಬದಿಯಲ್ಲಿ ಇಡಿ. ಆಮೇಲೆ ಹಾಜರಿ ಪುಸ್ತಕ ತೆಗೆಯಿರಿ. ತರಗತಿ ಶುರು ಮಾಡಿದವರು 10 ಜನ, ಅವರ ಫೀ 1,00,000.

```
1,00,000 × 4 / 10 = 40,000
```

ಈ ವರ್ಷದ ಆದಾಯ ಇಷ್ಟೇ. ಉಳಿದ 60,000, ಜೊತೆಗೆ ಬಾರದ ಇಬ್ಬರ 20,000, ಒಟ್ಟು 80,000 ಮುಂದಿನ ವರ್ಷಕ್ಕೆ ಮುಂಗಡವಾಗಿಯೇ ಹೋಗುತ್ತದೆ.

ತುಂಬಾ ಜನ ತಪ್ಪುವುದು ಒಂದು ಕಡೆ. ನಡುವೆ ಒಬ್ಬರು ಒಂದು ಶನಿವಾರ ಬರಲಿಲ್ಲ ಅನ್ನಿ. ನೀವು ತರಗತಿ ನಡೆಸಿದ್ದೀರಿ, ಅವರ ಜಾಗ ಕಾದಿತ್ತು. ಆ ದಿನದ 1,000 ಗಳಿಸಿದಂತೆಯೇ. ಆದರೆ ‘ತಪ್ಪಿದ ಪಾಠ ಇನ್ನೊಂದು ದಿನ ಮಾಡಿಕೊಡುತ್ತೇವೆ’ ಅಂತ ಮಾತು ಕೊಟ್ಟಿದ್ದರೆ, ಅದು ಇನ್ನೂ ಬಾಕಿ. ಹಾಜರಿ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಒಂದು ಗುರುತು ಹಾಕಿಡಿ. ವರ್ಷದ ಕೊನೆಗೆ ಆ ಗುರುತುಗಳನ್ನು ಎಣಿಸಿ, ಅಷ್ಟನ್ನು ಕಳೆಯಿರಿ.

ಕುಶಾಲನಗರದಿಂದ: ಹಾಗಾದರೆ ಜಿಎಸ್‌ಟಿಯನ್ನೂ ತರಗತಿ ಮುಗಿದ ಹಾಗೆ ಕಟ್ಟಿದರೆ ಸಾಕಾ? ನಾವು ಕಂಪ್ಯೂಟರ್ ಕ್ಲಾಸಿನವರು, ಹಾಗೆ ಮಾಡಿ ಒಮ್ಮೆ ಬಡ್ಡಿ ಕಟ್ಟಿದ್ದೇವೆ.

ಮಡಿಕೇರಿಯಿಂದ: ಸಾಲದು. ಎರಡೂ ಒಂದೇ ಅಂತ ಅಂದುಕೊಂಡರೆ ಆಗುವುದೇ ಅದು. ಸೇವೆಗೆ ಬಂದ ಮುಂಗಡಕ್ಕೆ ಜಿಎಸ್‌ಟಿ ಬರುವುದು ದುಡ್ಡು ಕೈಗೆ ಬಂದಾಗ. ಸರಕಿನ ಮುಂಗಡಕ್ಕೆ 2017ರ ನವೆಂಬರ್‌ನಲ್ಲಿ ವಿನಾಯಿತಿ ಸಿಕ್ಕಿತು, ಸೇವೆಗೆ ಸಿಗಲಿಲ್ಲ. ತಿಂಗಳು ತಿಂಗಳು ರಿಟರ್ನ್ ಹಾಕುವವರಾದರೆ ಫೆಬ್ರವರಿಯ ಮುಂಗಡದ ತೆರಿಗೆ ಮಾರ್ಚ್ 20ರೊಳಗೆ ಹೋಗಬೇಕು. ದುಡ್ಡು ಬಂದಾಗ ರಸೀದಿ ವೋಚರ್ ಕೊಡಿ. ಬಿಲ್ ಮಾಡುವ ಮೊದಲೇ ಯಾರಾದರೂ ಕೋರ್ಸ್ ಬಿಟ್ಟು ನೀವು ದುಡ್ಡು ಹಿಂದಿರುಗಿಸಿದರೆ, ಮರುಪಾವತಿ ವೋಚರ್ ಮಾಡಿ ಆ ತೆರಿಗೆ ಸರಿಹೊಂದಿಸಿಕೊಳ್ಳಿ. ಹೀಗಾಗಿ ಜಿಎಸ್‌ಟಿ ರಿಟರ್ನಿನ ಮೊತ್ತವೂ ಲಾಭ-ನಷ್ಟದ ಮೊತ್ತವೂ ತಾಳೆಯಾಗುವುದಿಲ್ಲ. ವ್ಯತ್ಯಾಸ ಯಾಕೆ ಅಂತ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಯಾರಾದರೂ ಕೇಳಿದಾಗ ಬೇಕಾಗುತ್ತದೆ.

ಗೋಣಿಕೊಪ್ಪದಿಂದ: ನಮ್ಮದು ಹೋಂಸ್ಟೇ. ಡಿಸೆಂಬರ್ ಬುಕಿಂಗಿಗೆ ಅಕ್ಟೋಬರ್‌ನಲ್ಲೇ ಅಡ್ವಾನ್ಸ್ ಬರುತ್ತದೆ. ಬರದೇ ಹೋದವರ ಅಡ್ವಾನ್ಸ್ ನಾವು ಇಟ್ಟುಕೊಳ್ಳುತ್ತೇವೆ. ಆ ತಾರೀಖು ದಾಟಿದ ಮೇಲೆ ಆದಾಯಕ್ಕೆ ಹಾಕುತ್ತೇವೆ. ನಿಮ್ಮ ಆ ಇಬ್ಬರದ್ದೂ ಹಾಗೇ ಅಲ್ವಾ?

ಮಡಿಕೇರಿಯಿಂದ: ನಿಮಗೆ ತಾರೀಖು ಇದೆ, ಅಣ್ಣಾ. ಕೋಣೆ ಆ ರಾತ್ರಿ ಅವರಿಗಾಗಿ ಖಾಲಿ ಇತ್ತು, ಅಲ್ಲಿಗೆ ನಿಮ್ಮ ಬಾಧ್ಯತೆ ಮುಗಿಯಿತು. ಇವರು ‘ಮುಂದಿನ ಬ್ಯಾಚಿಗೆ ಬನ್ನಿ’ ಅಂದಿದ್ದರೆ ಬಾಧ್ಯತೆ ಜೀವಂತ ಇದೆ. ಎಷ್ಟು ದಿನದವರೆಗೆ ಅನ್ನುವುದು ರಸೀದಿಯಲ್ಲಿ ಏನು ಬರೆದಿದೆ ಅನ್ನುವುದರ ಮೇಲೆ ನಿಂತಿದೆ.

ಕೇಳಿದವರು, ವಿರಾಜಪೇಟೆ: ಈಗಷ್ಟೇ ರಸೀದಿ ಪುಸ್ತಕ ತೆಗೆದು ನೋಡಿದೆ. ಅವಧಿ ಏನೂ ಬರೆದಿಲ್ಲ. ಫೋನಿನಲ್ಲಿ ‘ಯಾವಾಗ ಬೇಕಾದರೂ ಬನ್ನಿ’ ಅಂದದ್ದು ನೆನಪಿದೆ. ಇನ್ನೊಂದು ವಿಷಯ, ಮೊದಲ ದಿನವೇ ಎಲ್ಲರಿಗೂ ಕಪ್ಪಿಂಗ್ ಚಮಚ, ಬಟ್ಟಲು, ಒಂದು ಪುಸ್ತಕ ಕೊಟ್ಟೆವು. ಫೀಯಲ್ಲೇ ಸೇರಿದ್ದು.

ಮಡಿಕೇರಿಯಿಂದ: ಆ ಕಿಟ್‌ಗೆ ಬೇರೆ ಬೆಲೆ ಇಟ್ಟು ಮಾರುತ್ತೀರಾ? ಮಾರುವುದಾದರೆ ಆ ಭಾಗವನ್ನು ಕೊಟ್ಟ ದಿನವೇ ಆದಾಯ ಅನ್ನಬಹುದು. ಇಲ್ಲದಿದ್ದರೆ ನಾನು ಬೇರೆ ಮಾಡುವುದಿಲ್ಲ. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬರು ಮಾಡುತ್ತಾರೆ, ಅವರ ವಾದವೂ ಗಟ್ಟಿಯಾಗಿದೆ. ಆ ಇಬ್ಬರಿಗೆ ಮಾತ್ರ ಕೊನೆಯ ತಾರೀಖು ಹಾಕಿ, ಅವರು ಒಪ್ಪಿದರೆ ಒಂದು ಪತ್ರ ಮಾಡಿಕೊಳ್ಳಿ. ಅಲ್ಲಿಯವರೆಗೆ ಆ 20,000 ಮುಟ್ಟಬೇಡಿ.